ಅಂಗಳದ ಫೋಟೋಗೆ ಅಡಿಕೆ ಸುಲಿಯುವ ಯಂತ್ರ: ಮಸುಕು ಹೊಂದಿಸಿದ ಒಂದು ಪ್ರಕರಣ

ಬದಿಯಡ್ಕ ಕಡೆಯ ಕೃಷಿ ಯಂತ್ರದ ಅಂಗಡಿಯೊಂದಕ್ಕೆ ಕರಪತ್ರ ಬೇಕಿತ್ತು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ, A4 ಅಡ್ಡ ಹಾಳೆ. ಅವರ ಹತ್ತಿರ ನಿಜಕ್ಕೂ ಒಳ್ಳೆಯ ಒಂದು ಫೋಟೋ ಇತ್ತು. ಸಂಜೆ ಬಿಸಿಲಿನ ಅಂಗಳ, ಅದರ ತುಂಬ ಒಣಗಲು ಹರಡಿದ ಅಡಿಕೆ, ಮಣೆಯ ಮೇಲೆ ಕೂತು ಕತ್ತಿಯಲ್ಲಿ ಅಡಿಕೆ ಸುಲಿಯುತ್ತಿರುವ ಒಬ್ಬರು ಅಜ್ಜ, ಪಕ್ಕದಲ್ಲಿ ಬುಟ್ಟಿ, ಬಲಕ್ಕೆ ಹಿಂದಕ್ಕೆ ಸಾಗುವ ಜಗಲಿ, ಕೊನೆಯಲ್ಲಿ ತೋಟ. ಅಜ್ಜನ ಮುಖ ಮತ್ತು ಕೈ ಸ್ಪಷ್ಟ. ಹಿಂದಿನದೆಲ್ಲ ಮೆಲ್ಲಮೆಲ್ಲಗೆ ಮಸುಕಾಗುತ್ತ ಹೋಗಿ ತೋಟ ಬರೀ ಹಸಿರು ಬಣ್ಣವಾಗಿತ್ತು. ಈ ಫೋಟೋದಲ್ಲಿ ಅಜ್ಜನ ಹಿಂದೆ, ಎಡಕ್ಕೆ, ಅವರು ಮಾರುವ ಸುಲಿಯುವ ಯಂತ್ರ ನಿಂತಿರಬೇಕು ಎಂಬುದು ಬೇಡಿಕೆ.

ನನ್ನ ಹತ್ತಿರ ಬರುವ ಮೊದಲೇ ಪ್ರೆಸ್ಸೊಂದರಲ್ಲಿ ಕರಡು ತಯಾರಾಗಿತ್ತು. ಅಂಗಡಿಯೊಳಗೆ ಮೊಬೈಲಿನಲ್ಲಿ ತೆಗೆದ ಯಂತ್ರದ ಫೋಟೋವನ್ನು ಕತ್ತರಿಸಿ ಅಂಗಳದಲ್ಲಿ ಇಟ್ಟಿದ್ದರು. ಬಣ್ಣ ಹೊಂದಿಸಿದ್ದರು, ನೆರಳೂ ಹಾಕಿದ್ದರು, ಸ್ವಲ್ಪ Gaussian Blur ಕೂಡ ಕೊಟ್ಟಿದ್ದರು. ಆದರೂ ನೋಡಿದ ಕೂಡಲೇ ಅಂಟಿಸಿದ್ದೆಂದು ಗೊತ್ತಾಗುತ್ತಿತ್ತು. ಅಂಗಡಿಯವರು ಹೇಳಿದ್ದು ಇಷ್ಟೇ: "ಎಂತದೋ ಸರಿ ಇಲ್ಲ ಮಾರಾಯ್ರೆ. ಎಂತದು ಅಂತ ನನಗೆ ಹೇಳ್ಲಿಕ್ಕೆ ಗೊತ್ತಾಗುದಿಲ್ಲ."

ತಪ್ಪು ಎಲ್ಲಿದೆ ಎಂದು ಹುಡುಕಲು ಯಂತ್ರವನ್ನು ನೋಡಬಾರದು, ಅದರ ಪಾದದ ಪಕ್ಕದ ಅಡಿಕೆಯನ್ನು ನೋಡಬೇಕು. ಕರಡನ್ನು 300% ಹಿಗ್ಗಿಸಿದಾಗ ಯಂತ್ರದ ಕಬ್ಬಿಣದ ಕಾಲಿನ ಅಂಚು ಮೂರು ನಾಲ್ಕು ಪಿಕ್ಸೆಲಿನಲ್ಲಿ ಮುಗಿಯುತ್ತಿತ್ತು. ಅದೇ ಕಾಲಿಗೆ ತಾಗಿಕೊಂಡಂತೆ ಬಿದ್ದಿರುವ ಅಡಿಕೆಯ ಅಂಚು ಹದಿನೇಳು ಹದಿನೆಂಟು ಪಿಕ್ಸೆಲಿನವರೆಗೆ ಹರಡಿತ್ತು. ಒಂದೇ ಜಾಗದಲ್ಲಿರುವ ಎರಡು ವಸ್ತುಗಳಿಗೆ ಎರಡು ಮಸುಕು ಇರುವುದು ಯಾವ ಲೆನ್ಸಿನಲ್ಲೂ ಸಾಧ್ಯವಿಲ್ಲ. ನೋಡುವವರಿಗೆ ಲೆನ್ಸಿನ ಲೆಕ್ಕ ಗೊತ್ತಿರಬೇಕಾಗಿಲ್ಲ. ಈ ಹೊಂದದಿರುವಿಕೆಯನ್ನು ಕಣ್ಣು ತಾನಾಗಿಯೇ ಹಿಡಿಯುತ್ತದೆ.

ಇಲ್ಲಿ ಹೆಚ್ಚಿನವರು Radius ಅನ್ನು ಅತ್ತ ಇತ್ತ ಎಳೆದು ಕಣ್ಣಿಗೆ ಸರಿ ಕಂಡಲ್ಲಿ ನಿಲ್ಲಿಸುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಮಸುಕು ರುಚಿಗೆ ತಕ್ಕಷ್ಟು ಹಾಕುವ ಉಪ್ಪಲ್ಲ. ವಸ್ತುವನ್ನು ಎಲ್ಲಿ ಇಡುತ್ತೇವೆ ಎಂದು ತೀರ್ಮಾನ ಆದ ಕೂಡಲೇ ಅದಕ್ಕೆ ಎಷ್ಟು ಮಸುಕು ಬೇಕು ಎಂಬುದೂ ತೀರ್ಮಾನ ಆಗಿರುತ್ತದೆ. ಅದು ಹೆಚ್ಚಾಯಿತು ಅನಿಸಿದರೆ ವಸ್ತುವಿನ ಜಾಗ ಬದಲಿಸಬೇಕು. ಮಸುಕನ್ನು ಮಾತ್ರ ಕಡಿಮೆ ಮಾಡುವಂತಿಲ್ಲ. ಈ ಕೆಲಸದಲ್ಲಿ ಕೊನೆಗೆ ಮಾಡಿದ್ದೂ ಅದನ್ನೇ.

ಮೊದಲು ಅಂಗಳದ ಫೋಟೋದ ಲೆಕ್ಕ. ಫೈಲಿನ ಮಾಹಿತಿಯಲ್ಲಿ 50 ಎಂಎಂ ಲೆನ್ಸ್, f/2 ಎಂದಿತ್ತು. ಕ್ಯಾಮೆರಾ ಫುಲ್‌ಫ್ರೇಮ್, ಅಂದರೆ 36 ಎಂಎಂ ಅಗಲದ ಸೆನ್ಸಾರ್. ಫೋಟೋದ ಅಗಲ 6000 ಪಿಕ್ಸೆಲ್. ಅಂದರೆ ಸೆನ್ಸಾರಿನ ಒಂದು ಎಂಎಂಗೆ ಸುಮಾರು 167 ಪಿಕ್ಸೆಲ್. ಫೋಕಸ್ ಎಷ್ಟು ದೂರದಲ್ಲಿತ್ತು ಎಂಬುದು ಮಾಹಿತಿಯಲ್ಲಿ ಇರಲಿಲ್ಲ. ಅದನ್ನು ಬುಟ್ಟಿಯಿಂದ ತೆಗೆದೆ. ಅಜ್ಜನ ಮನೆಗೆ ಫೋನ್ ಮಾಡಿ ಬುಟ್ಟಿಯ ಬಾಯಿ ಅಳೆಯಲು ಹೇಳಿದಾಗ 45 ಸೆಂಟಿಮೀಟರ್ ಎಂದರು. ಫೋಟೋದಲ್ಲಿ ಅದು ಸುಮಾರು 1270 ಪಿಕ್ಸೆಲ್ ಅಗಲ ಇತ್ತು, ಅಂದರೆ ಸೆನ್ಸಾರಿನ ಮೇಲೆ 7.6 ಎಂಎಂ. 450 ಎಂಎಂ ವಸ್ತು 7.6 ಎಂಎಂ ಆಗಬೇಕಾದರೆ 50 ಎಂಎಂ ಲೆನ್ಸ್ ಅದರಿಂದ ಸರಿಸುಮಾರು 3 ಮೀಟರ್ ದೂರ ಇರಬೇಕು. ಬುಟ್ಟಿ ಅಜ್ಜನ ಮೊಣಕಾಲಿನ ಪಕ್ಕದಲ್ಲೇ ಸ್ಪಷ್ಟವಾಗಿ ಇದ್ದ ಕಾರಣ ಫೋಕಸ್ ದೂರವೂ ಅದೇ.

ಇನ್ನು ಒಂದು ಸಣ್ಣ ಸೂತ್ರ ಸಾಕು. ಲೆನ್ಸಿನ ತೆರೆದ ಕಿಂಡಿಯ ವ್ಯಾಸ A. 50 ಎಂಎಂ ಲೆನ್ಸ್ f/2ರಲ್ಲಿ ಇದ್ದರೆ ಅದು 25 ಎಂಎಂ. ಫೋಕಸ್ ದೂರ s, ವಸ್ತುವಿನ ದೂರ d.

```
ಮಸುಕು = A × (d − s) ÷ s
```

ಹೀಗೆ ಬರುವ ಉತ್ತರ ಪಿಕ್ಸೆಲಿನಲ್ಲಿ ಅಲ್ಲ, ವಸ್ತುವಿನ ಮೇಲೆಯೇ ಎಂಎಂ ಲೆಕ್ಕದಲ್ಲಿ. ಅದೇ ಇದರ ಅನುಕೂಲ. 4 ಮೀಟರಿನಲ್ಲಿ ಇಟ್ಟ ಯಂತ್ರಕ್ಕೆ 25 × 1 ÷ 3, ಅಂದರೆ 8.3 ಎಂಎಂ. ಯಂತ್ರದ ಮೇಲಿನ ಪ್ರತಿಯೊಂದು ಚುಕ್ಕಿಯೂ 8.3 ಎಂಎಂ ಅಗಲದ ಬಿಲ್ಲೆಯಾಗಿ ಹರಡುತ್ತದೆ, ಅದಕ್ಕಿಂತ ಸಣ್ಣ ವಿವರಗಳೆಲ್ಲ ಕರಗುತ್ತವೆ. ಪಿಕ್ಸೆಲ್ ಬೇಕಾದರೆ ಆ ದೂರದಲ್ಲಿ ಒಂದು ಎಂಎಂಗೆ ಎಷ್ಟು ಪಿಕ್ಸೆಲ್ ಎಂದು ಗುಣಿಸಿದರಾಯಿತು. 3 ಮೀಟರಿನಲ್ಲಿ ಅದು 2.83. ದೂರ ಹೆಚ್ಚಿದಂತೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, 4 ಮೀಟರಿನಲ್ಲಿ 2.12. ಹಾಗಾಗಿ 4 ಮೀಟರಿನ ಮಸುಕು ಸುಮಾರು 18 ಪಿಕ್ಸೆಲ್.

ಲೆಕ್ಕವನ್ನು ಹಾಗೇ ನಂಬಲಿಲ್ಲ, ಫೋಟೋದಲ್ಲೇ ಎರಡು ಕಡೆ ಪರೀಕ್ಷಿಸಿದೆ. ತೋಟದಲ್ಲಿ ಅಡಿಕೆ ಸೋಗೆಯ ಸಂದಿಯಿಂದ ಆಕಾಶ ಕಾಣುವಲ್ಲಿ ಬೆಳಕಿನ ಬಿಲ್ಲೆಗಳಿದ್ದವು. ತೋಟ ಸುಮಾರು 25 ಮೀಟರ್ ಆಚೆ. ಅಷ್ಟು ದೂರಕ್ಕೆ ಸೂತ್ರದ ಪ್ರಕಾರ 62 ಪಿಕ್ಸೆಲ್ ಬರಬೇಕು. ಅಳೆದಾಗ 60ರಿಂದ 65ರ ನಡುವೆ ಸಿಕ್ಕಿತು. ಎರಡನೆಯದು ಜಗಲಿಯ ಅಂಚು. ಕೆಂಪು ಕಾವಿಯ ಜಗಲಿ ಮತ್ತು ಸುಣ್ಣ ಬಳಿದ ಅದರ ಬದಿ ಸೇರುವ ಗೆರೆ ಅಜ್ಜನ ಪಕ್ಕದಿಂದ ಹಿಂದಕ್ಕೆ ನೇರವಾಗಿ ಹೋಗುತ್ತದೆ. ಇಂಥ ಗೆರೆ ಸಿಕ್ಕಿದರೆ ಪುಣ್ಯ. ಕೆಂಪು ಮುಗಿದು ಬಿಳಿ ಪೂರ್ತಿಯಾಗಲು ಎಷ್ಟು ಪಿಕ್ಸೆಲ್ ಬೇಕಾಯಿತು ಎಂದು ಅಡ್ಡಕ್ಕೆ ಎಣಿಸಿದರೆ ಆ ದೂರದ ಮಸುಕಿನ ವ್ಯಾಸ ನೇರವಾಗಿ ಸಿಗುತ್ತದೆ. ಒಂದೇ ಗೆರೆಯ ಮೇಲೆ ಹತ್ತಿರದಿಂದ ದೂರದವರೆಗೆ ಎಲ್ಲ ಮಸುಕೂ ಸಾಲಾಗಿ ಬರೆದಿಟ್ಟ ಹಾಗೆ. ಫೈಲಿನಲ್ಲಿ ಲೆನ್ಸ್ ಮಾಹಿತಿ ಅಳಿಸಿಹೋದ ಫೋಟೋ ಬಂದರೆ ನಾನು ಮೊದಲು ಹುಡುಕುವುದು ಇಂಥ ಗೆರೆಯನ್ನೇ.

ಯಂತ್ರದ ಪಾದ ಯಾವ ಸಾಲಿನಲ್ಲಿ ಊರಿದರೆ ಎಷ್ಟು ದೂರ ಎಂಬುದಕ್ಕೂ ಸುಲಭದ ಲೆಕ್ಕ ಇದೆ. ಜಗಲಿಯ ಅಂಚನ್ನೂ ಅದಕ್ಕೆ ಸಮಾನಾಂತರವಾದ ಮಾಡಿನ ಅಂಚನ್ನೂ ಉದ್ದಕ್ಕೆ ಎಳೆದು ಅವು ಕೂಡುವಲ್ಲಿ ದಿಗಂತದ ಗೆರೆ ಹಾಕಿದೆ. ಮೇಲಿನಿಂದ ಸುಮಾರು 1100ನೇ ಪಿಕ್ಸೆಲಿನಲ್ಲಿ ಅದು ಬಂತು. ಅಂಗಳ ಸಮತಟ್ಟು. ಅಂಥ ನೆಲದಲ್ಲಿ ದಿಗಂತದಿಂದ ಕೆಳಕ್ಕೆ ಇರುವ ಅಂತರ ದೂರಕ್ಕೆ ವಿಲೋಮ. ಅಜ್ಜನ ಮಣೆ 3 ಮೀಟರ್ ದೂರದಲ್ಲಿ, ದಿಗಂತದಿಂದ 2550 ಪಿಕ್ಸೆಲ್ ಕೆಳಗೆ. ಹಾಗಾದರೆ 4 ಮೀಟರಿನ ನೆಲ ಅದರ ಮುಕ್ಕಾಲು ಪಾಲಿನಷ್ಟು, 1912 ಪಿಕ್ಸೆಲ್ ಕೆಳಗೆ. ಕರಡಿನಲ್ಲಿ ಯಂತ್ರದ ಕಾಲು ಊರಿದ್ದು ಹೆಚ್ಚುಕಡಿಮೆ ಅಲ್ಲೇ. ಅಂದರೆ ಪ್ರೆಸ್ಸಿನವರು ಯಂತ್ರವನ್ನು 4 ಮೀಟರಿನಲ್ಲಿ ನಿಲ್ಲಿಸಿ, ಬರೀ ಅರ್ಧ ಅಡಿಯಷ್ಟು ಹಿಂದಿರುವ ವಸ್ತುವಿನ ಮಸುಕು ಕೊಟ್ಟಿದ್ದರು.

ನಾನು ಮೊದಲು ಆ ಜಾಗದಲ್ಲೇ ಸರಿಯಾದ 18 ಪಿಕ್ಸೆಲ್ ಮಸುಕು ಕೊಟ್ಟು ಒಂದು ಪ್ರತಿ ತೋರಿಸಿದೆ. ಯಂತ್ರ ಅಂಗಳದಲ್ಲಿ ಕೂತಿತು. ಅಂಟಿಸಿದ್ದು ಎಂಬ ಭಾವನೆ ಪೂರ್ತಿ ಹೋಯಿತು. ಆದರೆ ಅಂಗಡಿಯವರ ಮುಖ ಸಪ್ಪೆಯಾಯಿತು.

"ಚಂದ ಉಂಟು, ಆದ್ರೆ ಹೆಸರು ಓದ್ಲಿಕ್ಕೆ ಬೇಕಲ್ಲ. ಜನ ಹೆಸರು ನೋಡಿಯೇ ಅಂಗಡಿಗೆ ಬರುದು."

"ಹೆಸರು ಮಾತ್ರ ಶಾರ್ಪ್ ಮಾಡಿದ್ರೆ ಮೊದಲಿನ ಹಾಗೇ ಆಗ್ತದೆ ಅಣ್ಣ. ಅಂಟಿಸಿದ ಹಾಗೆ."

"ಹಾಗಾದ್ರೆ ಎಂತ ಮಾಡುದು?"

"ಯಂತ್ರವನ್ನು ಅಜ್ಜನ ಹತ್ರ ತರುವ."

ಅವರ ಮಾತು ನ್ಯಾಯವಾದದ್ದು. ಯಂತ್ರದ ಮುಂಬದಿಯ ತಗಡಿನ ಮೇಲೆ 6 ಸೆಂಟಿಮೀಟರ್ ಎತ್ತರದ ಅಕ್ಷರಗಳಲ್ಲಿ ಹೆಸರಿದೆ; ಅಕ್ಷರದ ಗೆರೆಯ ದಪ್ಪ ಸುಮಾರು 9 ಎಂಎಂ. 8.3 ಎಂಎಂ ಮಸುಕು ಆ ಗೆರೆಯಷ್ಟೇ ದಪ್ಪ, ಹಾಗಾಗಿ ಒತ್ತುಗಳೂ ಅಕ್ಷರದ ಒಳಗಿನ ಸಂದಿಗಳೂ ಮುಚ್ಚಿಹೋಗುತ್ತವೆ. ಹೆಸರು ಸಲೀಸಾಗಿ ಓದಲು ಮಸುಕು ಗೆರೆಯ ದಪ್ಪದ ಮೂರನೇ ಒಂದರೊಳಗೆ ಇರಲಿ ಎಂಬುದು ನನ್ನ ರೂಢಿಯ ಅಂದಾಜು. ಇಲ್ಲಿ 3 ಎಂಎಂ. ಸೂತ್ರವನ್ನು ತಿರುಗಿಸಿದರೆ 25 ಎಂಎಂ ಕಿಂಡಿಗೆ ಅದು ಫೋಕಸಿನಿಂದ 36 ಸೆಂಟಿಮೀಟರ್ ಹಿಂದೆ. ಸ್ವಲ್ಪ ಕಡಿಮೆ ಹಿಡಿದು 3.3 ಮೀಟರ್ ಎಂದು ತೀರ್ಮಾನಿಸಿದೆ. ಅಲ್ಲಿ ಮಸುಕು 2.5 ಎಂಎಂ, ಪಿಕ್ಸೆಲಿನಲ್ಲಿ 6.4. ಮುದ್ರಿಸಿದ A4 ಹಾಳೆಯ ಮೇಲೆ ಅದು ಒಂದು ಎಂಎಂನ ಮೂರನೇ ಒಂದು ಭಾಗ. ಕೈಯಲ್ಲಿ ಹಿಡಿದು ನೋಡುವವರಿಗೆ ಅಜ್ಜನ ಮುಖಕ್ಕಿಂತ ಒಂಚೂರು ಮೆತ್ತಗೆ ಕಂಡೀತು, ಅಷ್ಟೇ. 18 ಪಿಕ್ಸೆಲಿನದು ಅದೇ ಹಾಳೆಯಲ್ಲಿ ಸುಮಾರು 0.9 ಎಂಎಂ ಆಗುತ್ತಿತ್ತು.

ಯಂತ್ರ ಹತ್ತಿರ ಬಂದರೆ ದೊಡ್ಡದೂ ಆಗಬೇಕು. ಎತ್ತರ 1 ಮೀಟರ್, ಹಾಗಾಗಿ 3.3 ಮೀಟರಿನಲ್ಲಿ 2570 ಪಿಕ್ಸೆಲ್. ಮೊಬೈಲಿನ ಫೋಟೋದಲ್ಲಿ ಯಂತ್ರ ಇದ್ದದ್ದು 1500 ಪಿಕ್ಸೆಲ್ ಎತ್ತರ. ಇಲ್ಲಿಗೆ ಶಾರ್ಪ್ ಮಾಡುವ ಪ್ರಶ್ನೆ ಬಂತು, ಮತ್ತು ಇಲ್ಲಿಯೇ ಅದರ ಮಿತಿಯೂ ಕಾಣುತ್ತದೆ. 18 ಪಿಕ್ಸೆಲ್ ಮಸುಕು ಕೊಡುವುದಿದ್ದರೆ ಮೂಲ ಫೋಟೋ ಸ್ವಲ್ಪ ಮೆತ್ತಗಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಮೂಲದಲ್ಲಿ 5 ಪಿಕ್ಸೆಲಿನ ಮಸುಕು ಇದ್ದರೆ ಹೊಸದಾಗಿ 17 ಕೊಟ್ಟರೆ ಸಾಕು. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಹೆಚ್ಚುಕಡಿಮೆ 18 ಬರುತ್ತದೆ. ಆದರೆ ಬೇಕಾದದ್ದೇ 6.4 ಆಗಿರುವಾಗ, 1.7 ಪಟ್ಟು ಹಿಗ್ಗಿಸಿದ ಮೊಬೈಲ್ ಫೋಟೋದ ಸ್ವಂತ ಮಸುಕೇ ಅಷ್ಟಾಗಿಬಿಡುತ್ತದೆ. ಅದರ ಮೇಲೆ Unsharp Mask ಹಾಕಿದರೆ ಅಂಚಿನ ಎರಡೂ ಬದಿ ಬೆಳ್ಳಗೆ, ಕಪ್ಪಗೆ ಗೆರೆ ಏಳುತ್ತದೆಯೇ ಹೊರತು ಇಲ್ಲದ ಅಕ್ಷರ ಮೂಡುವುದಿಲ್ಲ. ಮೊಬೈಲ್ ಮೊದಲೇ ತಾನಾಗಿ ಅಂಥ ಗೆರೆ ಹಾಕಿಯೂ ಇರುತ್ತದೆ, ಹಿಗ್ಗಿಸಿದಾಗ ಅದೂ ದಪ್ಪವಾಗುತ್ತದೆ. ಲೆನ್ಸಿನ ಮಸುಕಿನಲ್ಲಿ ಅಂಚು ಕರಗುತ್ತದೆ. ಶಾರ್ಪ್ ಮಾಡಿದ ಅಂಚಿನಲ್ಲಿ ಗೆರೆ ಏಳುತ್ತದೆ. ಎರಡೂ ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಕಂಡರೆ ಮತ್ತೆ ಅದೇ ಅಂಟಿಸಿದ ಭಾವನೆ. ಹಾಗಾಗಿ ಯಂತ್ರವನ್ನು ಪುನಃ ತೆಗೆಯುವುದೆಂದಾಯಿತು.

ಅಂಗಡಿಯ ಹೊರಗಿನ ಅಂಗಳದಲ್ಲಿ, ಸಂಜೆ, ಬಿಸಿಲು ಅಜ್ಜನ ಫೋಟೋದಲ್ಲಿ ಬಿದ್ದ ಕಡೆಯಿಂದಲೇ ಬೀಳುವ ಹಾಗೆ ಯಂತ್ರವನ್ನು ತಿರುಗಿಸಿ ನಿಲ್ಲಿಸಿದೆವು. ಹಿಂದೆ ಬೂದು ಬಣ್ಣದ ಬಟ್ಟೆ. ಅದೇ ಅಳತೆಯ ಕ್ಯಾಮೆರಾ, ಅದೇ 50 ಎಂಎಂ. ಕ್ಯಾಮೆರಾದ ಎತ್ತರ ನೆಲದಿಂದ 90 ಸೆಂಟಿಮೀಟರ್, ಯಾಕೆಂದರೆ ಅಂಗಳದ ಫೋಟೋದಲ್ಲಿ ದಿಗಂತ ನೆಲದಿಂದ ಅಷ್ಟೇ ಮೇಲೆ ಬಂದಿತ್ತು: 2550 ಪಿಕ್ಸೆಲನ್ನು 2.83ರಿಂದ ಭಾಗಿಸಿದರೆ 900 ಎಂಎಂ. ಮುಂಬದಿಯ ತಗಡಿಗೆ ಟೇಪ್ ಹಿಡಿದು 3.3 ಮೀಟರ್. ಹೀಗೆ ತೆಗೆದರೆ ಯಂತ್ರ ಬೇಕಾದ ಪಿಕ್ಸೆಲ್ ಎತ್ತರದಲ್ಲೇ ಬರುತ್ತದೆ, ಹಿಗ್ಗಿಸುವ ಕುಗ್ಗಿಸುವ ಕೆಲಸವೇ ಇಲ್ಲ, ನೋಟದ ಕೋನವೂ ಹೊಂದುತ್ತದೆ.

ಎರಡು ಬಗೆಯಲ್ಲಿ ತೆಗೆದೆ. ಒಂದು f/8ರಲ್ಲಿ, ಯಂತ್ರ ಪೂರ್ತಿ ಸ್ಪಷ್ಟ ಬರುವ ಹಾಗೆ. ಇನ್ನೊಂದು ಅಂಗಳದ ಫೋಟೋದ ಹಾಗೆಯೇ f/2ರಲ್ಲಿ, 3 ಮೀಟರಿನಲ್ಲಿ ಒಂದು ಪೆಟ್ಟಿಗೆ ಇಟ್ಟು ಅದಕ್ಕೆ ಫೋಕಸ್ ಮಾಡಿ, ಫೋಕಸನ್ನು ಅಲ್ಲೇ ಬಿಗಿದು, ಪೆಟ್ಟಿಗೆ ತೆಗೆದು. ಎರಡನೆಯದರಲ್ಲಿ ಬೇಕಾದ ಮಸುಕು ಲೆನ್ಸಿನಿಂದಲೇ ಬಂದಿರುತ್ತದೆ. ಅದನ್ನೇ ಕತ್ತರಿಸಿ ಇಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಕಷ್ಟ ಇರುವುದು ಅಂಚಿನಲ್ಲಿ. ಮಸುಕಾದ ಅಂಚಿನ ಪ್ರತಿ ಪಿಕ್ಸೆಲಿನಲ್ಲೂ ಯಂತ್ರದ ಬಣ್ಣದ ಜೊತೆ ಹಿಂದಿನ ಬಟ್ಟೆಯ ಬೂದು ಬಣ್ಣ ಬೆರೆತಿರುತ್ತದೆ. ಎಲ್ಲಿ ಕತ್ತರಿಸಿದರೂ ಬೂದು ನೂಲಿನಂಥ ಗೆರೆ ಉಳಿಯುತ್ತದೆ. ಸ್ಪಷ್ಟವಾದ ಫೋಟೋವನ್ನು ಕತ್ತರಿಸಿ ಆಮೇಲೆ ಮಸುಕು ಮಾಡುವುದು ಸುಲಭ. f/2ರದ್ದನ್ನು ಪಕ್ಕದಲ್ಲಿ ತೆರೆದಿಟ್ಟು ನನ್ನ ಕೆಲಸ ಅದಕ್ಕೆ ಹೋಲುತ್ತದೆಯೇ ಎಂದು ಅಳೆಯಲು ಮಾತ್ರ ಬಳಸಿದೆ. ಇಂಥ ಮಾದರಿ ಒಂದು ಇದ್ದರೆ ಊಹೆಗೆ ಜಾಗವೇ ಇರುವುದಿಲ್ಲ.

ಮಸುಕು ಕೊಟ್ಟದ್ದು ಫೋಟೋಶಾಪಿನ Lens Blurನಲ್ಲಿ. Gaussian Blur ಇಲ್ಲಿ ಹೊಂದುವುದಿಲ್ಲ. ಅದು ಪ್ರತಿ ಚುಕ್ಕಿಯನ್ನೂ ನಡುವಿನಲ್ಲಿ ದಟ್ಟ, ಅಂಚಿಗೆ ಹೋದಂತೆ ತೆಳು ಆಗಿರುವ ಮಂಜಿನ ಹಾಗೆ ಹರಡುತ್ತದೆ. ಲೆನ್ಸ್ ಹರಡುವುದು ಒಂದೇ ಸಮ ಬೆಳಕಿನ ಬಿಲ್ಲೆಯಾಗಿ. ತಗಡಿನ ನಾಲ್ಕು ಮೂಲೆಯ ತಿರುಪಿನ ತಲೆಗಳ ಮೇಲೆ ಬಿಸಿಲಿನ ಮಿಂಚು ಇತ್ತು. F/2ರ ಮಾದರಿಯಲ್ಲಿ ಪ್ರತಿಯೊಂದೂ ಅಂಚು ಗೊತ್ತಾಗುವ ಪುಟ್ಟ ಬಿಲ್ಲೆಯಾಗಿತ್ತು. Gaussianನಲ್ಲಿ ಅದು ಮಂಕಾದ ಬೂದು ಕಲೆಯಾಗುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಫೈಲಿನಲ್ಲಿ ಮಿಂಚಿನ ಬೆಲೆ 255ಕ್ಕೆ ನಿಂತುಬಿಟ್ಟಿರುತ್ತದೆ, ನಿಜವಾದ ಮಿಂಚು ಅದಕ್ಕಿಂತ ಎಷ್ಟೋ ಪಟ್ಟು ಪ್ರಖರ. ಅದಕ್ಕಾಗಿ Lens Blurನ Specular Highlights ಭಾಗದಲ್ಲಿ Threshold ಅನ್ನು 250ರ ಹತ್ತಿರ ಇಟ್ಟು Brightness ಅನ್ನು ಸ್ವಲ್ಪ ಮಾತ್ರ ಏರಿಸಿದೆ. ಹೆಚ್ಚು ಏರಿಸಿದರೆ ಬಿಳಿ ಬಣ್ಣದ ಅಕ್ಷರಗಳೂ ಉರಿಯತೊಡಗುತ್ತವೆ.

Radius ಎಂದು ಅಲ್ಲಿ ಕಾಣುವ ಸಂಖ್ಯೆ ಪಿಕ್ಸೆಲ್ ಎಂದು ಹಾಗೇ ನಂಬಬಾರದು. ಅರ್ಧ ಕಪ್ಪು, ಅರ್ಧ ಬಿಳಿ ಇರುವ ಒಂದು ಖಾಲಿ ಚಿತ್ರ ಮಾಡಿ ಅದಕ್ಕೆ ಬೇರೆ ಬೇರೆ Radius ಕೊಟ್ಟು, ಕಪ್ಪಿನಿಂದ ಬಿಳಿಗೆ ಬರಲು ಎಷ್ಟು ಪಿಕ್ಸೆಲ್ ಹಿಡಿಯಿತು ಎಂದು ಎಣಿಸಿದೆ. ಜಗಲಿಯ ಅಂಚನ್ನು ಅಳೆದ ಕ್ರಮವೇ ಇದು, ಹಾಗಾಗಿ ಎರಡನ್ನೂ ನೇರವಾಗಿ ಹೋಲಿಸಬಹುದು.

ಯಂತ್ರ ಚಪ್ಪಟೆ ಹಲಗೆಯಲ್ಲ. ಮುಂಬದಿಯ ತಗಡು 3.3 ಮೀಟರಿನಲ್ಲಿದ್ದರೆ ಹಿಂಬದಿಯ ಮೋಟಾರು 3.9ರಲ್ಲಿ. ಲೆಕ್ಕ ಹಾಕಿದರೆ ಮೋಟಾರಿಗೆ 16 ಪಿಕ್ಸೆಲ್ ಬೇಕು, ತಗಡಿನ ಎರಡೂವರೆ ಪಟ್ಟು. ಫೋಕಸಿನ ಹತ್ತಿರ ಮಸುಕು ಎಷ್ಟು ಬೇಗ ಏರುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ: ಅರುವತ್ತು ಸೆಂಟಿಮೀಟರಿನೊಳಗೆ 6ರಿಂದ 16. ಇಡೀ ಯಂತ್ರಕ್ಕೆ ಒಂದೇ ಮಸುಕು ಕೊಟ್ಟಿದ್ದರೆ ಅದು ಫ್ಲೆಕ್ಸಿನಲ್ಲಿ ಕತ್ತರಿಸಿ ನಿಲ್ಲಿಸಿದ ಆಳೆತ್ತರದ ಚಿತ್ರದಂತೆ ಕಾಣುತ್ತಿತ್ತು. ಅದಕ್ಕೆ ಒಂದು ಆಲ್ಫಾ ಚಾನೆಲ್ ಮಾಡಿ ದೂರದ ನಕ್ಷೆ ಬರೆದೆ. ಮೋಟಾರು ಪೂರ್ತಿ ಬಿಳಿ, ಮುಂಬದಿಯ ತಗಡು ಸುಮಾರು 100ರ ಬೂದು, ಬದಿಯ ತಗಡಿನ ಮೇಲೆ ಒಂದರಿಂದ ಇನ್ನೊಂದಕ್ಕೆ ಏರುವ ಗ್ರೇಡಿಯೆಂಟ್, ಅಡಿಕೆ ಸುರಿಯುವ ಮೇಲಿನ ಬಾಯಿಗೆ ನಡುವಿನ ಬೂದು. Lens Blurನಲ್ಲಿ ಈ ಚಾನೆಲನ್ನು Depth Map ಆಗಿ ಆರಿಸಿ, Blur Focal Distance ಸೊನ್ನೆಯಲ್ಲಿಟ್ಟು, ಬಿಳಿಗೆ 16 ಪಿಕ್ಸೆಲ್ ಬರುವ Radius ಕೊಟ್ಟೆ. ಆಮೇಲೆ ತಗಡಿನ ಅಂಚು, ಬದಿಯ ನಡುಭಾಗ, ಮೋಟಾರಿನ ಅಂಚು, ಈ ಮೂರು ಕಡೆ f/2ರ ಮಾದರಿಯ ಜೊತೆ ಅಳೆದೆ. ಬದಿಯ ನಡುಭಾಗದಲ್ಲಿ ನನ್ನದು ಸ್ವಲ್ಪ ಕಡಿಮೆ ಬಂದಿತ್ತು, ಅಲ್ಲಿ ಬೂದನ್ನು ಬೆಳ್ಳಗೆ ಮಾಡಿದ ಮೇಲೆ ಹೊಂದಿತು.

ಅತಿ ಹೆಚ್ಚು ಹೊತ್ತು ಹಿಡಿದದ್ದು ಹೊರ ಅಂಚು. ಕತ್ತರಿಸಿದ ಯಂತ್ರದ ಲೇಯರನ್ನು ಹಾಗೇ ಮಸುಕು ಮಾಡಿದರೆ ಎರಡರಲ್ಲಿ ಒಂದು ತಪ್ಪು ಆಗುತ್ತದೆ. ಮಾಸ್ಕ್ ಮುಟ್ಟದೆ ಒಳಗಿನ ಚಿತ್ರ ಮಾತ್ರ ಮಸುಕಾದರೆ, ಒಳಗೆಲ್ಲ ಮೆತ್ತಗೆ, ಹೊರಗಿನ ಗೆರೆ ಮಾತ್ರ ಕತ್ತರಿಯಿಂದ ಕತ್ತರಿಸಿದ ಹಾಗೆ ಉಳಿಯುತ್ತದೆ. ಪ್ರೆಸ್ಸಿನ ಕರಡಿನಲ್ಲಿ ಇದೂ ಇತ್ತು. ಇನ್ನೊಂದು, ಕತ್ತರಿಸದ ಫೋಟೋವನ್ನೇ ಮಸುಕು ಮಾಡಿ ಆಮೇಲೆ ಮಾಸ್ಕ್ ಹಾಕಿದರೆ ಹಿಂದಿನ ಬಟ್ಟೆಯ ಬಣ್ಣ ಯಂತ್ರದೊಳಗೆ ಸೋರುತ್ತದೆ. ಹಾಗಾಗಿ ಬಣ್ಣವನ್ನೂ ಮಾಸ್ಕನ್ನೂ ಬೇರೆ ಬೇರೆಯಾಗಿ ನೋಡಬೇಕು. ಮೊದಲು ಯಂತ್ರದ ಅಂಚಿನ ಬಣ್ಣವನ್ನು ಹೊರಕ್ಕೆ ಇಪ್ಪತ್ತು ಪಿಕ್ಸೆಲಿನಷ್ಟು ಎಳೆದು, ಬೂದು ಬಟ್ಟೆ ಇದ್ದಲ್ಲೆಲ್ಲ ಯಂತ್ರದ ಹಸಿರು ಬಣ್ಣವೇ ಇರುವ ಹಾಗೆ ಮಾಡಿದೆ. ಆ ಬಣ್ಣದ ಲೇಯರಿಗೆ ದೂರದ ನಕ್ಷೆ ಇಟ್ಟು ಮಸುಕು. ನಂತರ ಮಾಸ್ಕನ್ನು ಆರಿಸಿ ಅದಕ್ಕೂ ಅದೇ ನಕ್ಷೆ, ಅದೇ Radius. ನಕ್ಷೆಯಲ್ಲೂ ಬೂದು ಬಣ್ಣಗಳು ಯಂತ್ರದ ಅಂಚಿಗಿಂತ ಹೊರಗೆ ಹರಡಿರಬೇಕು. ಇಲ್ಲವಾದರೆ ಅಂಚಿನ ಹೊರ ಅರ್ಧಕ್ಕೆ ಮಸುಕು ಸಿಗುವುದಿಲ್ಲ.

ಅಜ್ಜನ ಮೊಣಕೈ ಯಂತ್ರದ ಮುಂದೆ ಬರುತ್ತದೆ. ಮೊಣಕೈ ಫೋಕಸಿನಲ್ಲಿದೆ, ಹಾಗಾಗಿ ಅದರ ಅಂಚು ಸ್ಪಷ್ಟವಾಗಿಯೇ ಯಂತ್ರವನ್ನು ಮರೆಮಾಡಬೇಕು. ಇದಕ್ಕೆ ಯಂತ್ರದ ಮಾಸ್ಕಿನಲ್ಲೇ ಮೊಣಕೈಯ ಜಾಗ ಕತ್ತರಿಸಿದರೆ, ಮಾಸ್ಕ್ ಮಸುಕಾಗುವಾಗ ಆ ಅಂಚೂ ಮಸುಕಾಗಿ ಅಜ್ಜನ ತೋಳಿನ ಸುತ್ತ ಹಳೆಯ ಹಿನ್ನೆಲೆ ಇಣುಕುತ್ತದೆ. ಹಾಗಾಗಿ ಯಂತ್ರದ ಲೇಯರನ್ನು ಒಂದು ಗುಂಪಿನೊಳಗೆ ಹಾಕಿ, ಗುಂಪಿಗೆ ಬೇರೆ ಮಾಸ್ಕ್ ಕೊಟ್ಟು, ಮೊಣಕೈಯನ್ನು ಅಲ್ಲಿ ಕತ್ತರಿಸಿದೆ. ಒಳಗಿನ ಮಾಸ್ಕ್ ಯಂತ್ರದ್ದು, ಮಸುಕು; ಹೊರಗಿನದು ಅಜ್ಜನದ್ದು, ಸ್ಪಷ್ಟ. ತೋಳಿನ ಬಿಳಿ ರೋಮಗಳನ್ನು ಒಂದೊಂದಾಗಿ ಉಳಿಸಿಕೊಂಡದ್ದೂ ಈ ಹೊರಗಿನ ಮಾಸ್ಕಿನಲ್ಲೇ.

ನೆರಳು ಯಂತ್ರದ್ದಾದರೂ ಬೀಳುವುದು ನೆಲದ ಮೇಲೆ, ಹಾಗಾಗಿ ಅದಕ್ಕೆ ನೆಲದ ಮಸುಕು. ಕಾಲಿನ ಬುಡದಲ್ಲಿ 6 ಪಿಕ್ಸೆಲ್, ಹಿಂದಕ್ಕೆ ಹೋದಂತೆ ಹೆಚ್ಚು. ಬಿಸಿಲಿನ ನೆರಳು ಯಂತ್ರದಿಂದ ದೂರ ಹೋದಂತೆ ತಾನಾಗಿಯೇ ಮೆತ್ತಗಾಗುವುದು ಬೇರೆ ವಿಷಯ. ಅದನ್ನು ಮೊದಲು ಮಾಡಿ, ಅದರ ಮೇಲೆ ಲೆನ್ಸಿನ ಮಸುಕು ಕೊಡಬೇಕು. ಕಾಲಿನ ಬುಡದ ಮುಂದೆ ಬರುವ ನಾಲ್ಕೈದು ಅಡಿಕೆಗಳನ್ನು ಮೂಲ ಫೋಟೋದಿಂದಲೇ ಮೇಲಕ್ಕೆ ತಂದು ಕಾಲನ್ನು ಸ್ವಲ್ಪ ಮರೆಮಾಡಿದೆ. ಈಗ 300% ಹಿಗ್ಗಿಸಿ ನೋಡಿದರೆ ಅಡಿಕೆಯ ಅಂಚೂ ಕಬ್ಬಿಣದ ಅಂಚೂ ಒಂದೇ ಅಗಲದಲ್ಲಿ ಕರಗುತ್ತಿದ್ದವು.

ಇಷ್ಟಾದರೂ ಯಂತ್ರದ ಬದಿಯ ತಗಡು ಪ್ಲಾಸ್ಟಿಕಿನಂತೆ ನುಣ್ಣಗೆ ಕಾಣುತ್ತಿತ್ತು. ಕಾರಣ ನಾಯ್ಸ್. ಅಂಗಳದ ಫೋಟೋದಲ್ಲಿ ಮಸುಕಾದ ಸುಣ್ಣದ ಗೋಡೆಯ ಮೇಲೂ ಸಣ್ಣ ಕಾಳಿನಂಥ ನಾಯ್ಸ್ ಇದೆ, ಏಕೆಂದರೆ ಅದು ಸೆನ್ಸಾರಿನಲ್ಲಿ ಹುಟ್ಟುತ್ತದೆ, ಲೆನ್ಸ್ ಅದನ್ನು ಮಸುಕು ಮಾಡುವುದಿಲ್ಲ. ನಾವು ಮಸುಕು ಮಾಡುವಾಗ ಯಂತ್ರದ ನಾಯ್ಸ್ ಅಳಿಸಿಹೋಗಿರುತ್ತದೆ. ಸುಣ್ಣದ ಗೋಡೆಯ ನೆರಳಿನ ಭಾಗವನ್ನೂ ಯಂತ್ರದ ಬದಿಯನ್ನೂ ಅಕ್ಕಪಕ್ಕ ಇಟ್ಟು, Add Noiseನಲ್ಲಿ Gaussian, Monochromatic ಆರಿಸಿ, ಸುಮಾರು 1.5% ಕೊಟ್ಟಾಗ ಹೊಂದಿತು. ನಂತರ ಆ ನಾಯ್ಸ್ ಲೇಯರಿಗೆ ಅರ್ಧ ಪಿಕ್ಸೆಲಿನಷ್ಟು ಮಸುಕು ಕೊಟ್ಟೆ. ಕ್ಯಾಮೆರಾದ JPEG ನಾಯ್ಸಿನ ಕಾಳು ಒಂದೊಂದು ಪಿಕ್ಸೆಲ್ ಬಿಡಿಬಿಡಿಯಾಗಿ ಇರುವುದಿಲ್ಲ.

ಮುದ್ರಣಕ್ಕಾಗಿ ಶಾರ್ಪ್ ಮಾಡಿದ್ದು ಎಲ್ಲ ಮುಗಿದು, ಲೇಯರುಗಳನ್ನು ಸೇರಿಸಿ, 300 ಡಿಪಿಐ A4ಗೆ ಇಳಿಸಿದ ಮೇಲೆ, ಇಡೀ ಚಿತ್ರಕ್ಕೆ ಒಂದೇ ಸಲ. Unsharp Mask, Amount 70%, Radius 0.8. ಯಂತ್ರಕ್ಕೆ ಮಾತ್ರ ಬೇರೆ ಶಾರ್ಪ್ ಕೊಡುವ ಆಸೆ ಅಂಗಡಿಯವರಿಗೆ ಕೊನೆಯವರೆಗೂ ಇತ್ತು. ಹಾಗೆ ಕೊಟ್ಟ ಒಂದು ತುಂಡನ್ನು ಅದೇ ಕಾಗದದಲ್ಲಿ ಮುದ್ರಿಸಿ ಪಕ್ಕದಲ್ಲಿ ಇಟ್ಟೆ. ಹೆಸರಿನ ಸುತ್ತ ಎದ್ದ ಬಿಳಿ ಗೆರೆಯನ್ನು ಅವರೇ ಬೆರಳಿಟ್ಟು ತೋರಿಸಿ ಬೇಡ ಎಂದರು.

ಒಂದು ವಿಷಯ ಮಾತ್ರ ಬಗೆಹರಿಯಲಿಲ್ಲ. ಯಂತ್ರದ ಬದಿಯಲ್ಲಿ ಮಲಯಾಳದಲ್ಲಿ ಒಂದು ಸ್ಟಿಕ್ಕರ್ ಇದೆ, ಅಕ್ಷರ 12 ಎಂಎಂ ಎತ್ತರ, ಗೆರೆ ಒಂದೂವರೆ ಎಂಎಂ. ಅದು ಇರುವುದು ಸುಮಾರು 3.6 ಮೀಟರಿನಲ್ಲಿ, ಅಲ್ಲಿ ಮಸುಕು 5 ಎಂಎಂ. ಅದು ಓದಲು ಸಿಗಬೇಕಾದರೆ ಯಂತ್ರ ಅಜ್ಜನ ಮಡಿಲಿನಲ್ಲೇ ಇರಬೇಕಾಗುತ್ತದೆ. ಸ್ಟಿಕ್ಕರನ್ನು ಮಸುಕಾಗಿಯೇ ಬಿಟ್ಟು, ಅದರಲ್ಲಿದ್ದ ಮಾತನ್ನು ಕರಪತ್ರದ ಮಲಯಾಳ ಬದಿಯಲ್ಲಿ ಫೋಟೋದ ಕೆಳಗೆ ಟೈಪ್ ಮಾಡಿ ಹಾಕಿದೆವು.